ಕಾಗಕ್ಕ ಬಾಗಿಲು ಬಡಿದ ಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕು? ಮಲಗುವ ಹೊತ್ತಿನ ಕಥೆ ಓದುವ ಬಗೆ

ನನ್ನ ಮಗಳಿಗೆ ಆಗ 4 ವರ್ಷ. ರಾತ್ರಿ ಕಥೆ ಓದಿ ಮುಗಿಸಿದ ತಕ್ಷಣ "ಇನ್ನೊಂದು" ಅನ್ನುತ್ತಿದ್ದಳು. ಅದನ್ನು ಮುಗಿಸಿದರೆ ಮತ್ತೆ "ಇನ್ನೊಂದು". ಕಥೆ ಅಂದರೆ ಇವಳಿಗೆ ಪ್ರಾಣ ಅಂತ ನಾನು ಹೆಮ್ಮೆ ಪಟ್ಟುಕೊಂಡಿದ್ದೆ. ಒಂದು ದಿನ ಸುಮ್ನೆ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಎರಡು ಪುಟದ ಕಥೆಯನ್ನು ಎರಡೂವರೆ ನಿಮಿಷದಲ್ಲಿ ಮುಗಿಸಿಬಿಟ್ಟಿದ್ದೆ. ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ, ಒಂದೇ ಉಸಿರು, ಒಂದೇ ದನಿ. ಎಲೆಗೆ ಬಡಿಸಿ, ತುತ್ತು ಬಾಯಿಗೆ ಹೋಗುವ ಮೊದಲೇ ಎಲೆ ಎತ್ತಿದ ಹಾಗಿತ್ತು. ಹುಡುಗಿ ಇನ್ನೊಂದು ಕೇಳದೆ ಇನ್ನೇನು ಮಾಡಿಯಾಳು?

ಈಗ ಅಷ್ಟೇ ಉದ್ದದ ಕಥೆಗೆ ನಮಗೆ 12 ನಿಮಿಷ ಬೇಕು. ಕಥೆಗೆ ಒಂದು ಸಾಲೂ ಸೇರಿಸಿಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು, ಎಲ್ಲಿ ಸದ್ದು ಮಾಡಬೇಕು ಅನ್ನುವುದನ್ನು ಮೊದಲೇ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಓದುತ್ತೇನೆ, ಅಷ್ಟೇ. ಅದನ್ನೇ ಇಲ್ಲಿ ಒಂದು ಕಥೆ ಇಟ್ಟುಕೊಂಡು ತೋರಿಸುತ್ತೇನೆ. ಕಥೆ ನಿಮಗೆ ಗೊತ್ತಿರುವುದೇ, ಕಾಗಕ್ಕ ಗುಬ್ಬಕ್ಕನ ಕಥೆ. ಕಾಗಕ್ಕನ ಸಗಣಿ ಮನೆ ಮಳೆಗೆ ಕರಗಿಹೋಗುತ್ತದೆ. ಅವಳು ಗುಬ್ಬಕ್ಕನ ಬಾಗಿಲು ಬಡಿಯುತ್ತಾಳೆ. ಗುಬ್ಬಕ್ಕ ಏನೇನೋ ನೆಪ ಹೇಳಿ ಕಾಯಿಸುತ್ತಾಳೆ. ಕಥೆ ಮನೆಯಿಂದ ಮನೆಗೆ ಸ್ವಲ್ಪ ಬದಲಾಗುತ್ತದೆ. ಕಾಗಕ್ಕನದು ಉಪ್ಪಿನ ಮನೆ ಅನ್ನುವವರೂ ಇದ್ದಾರೆ, ಮಣ್ಣಿನ ಮನೆ ಅನ್ನುವವರೂ ಇದ್ದಾರೆ. ನಿಮ್ಮ ಅಜ್ಜಿ ಹೇಳಿದ್ದನ್ನೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪುಸ್ತಕವೇ ಬೇಕು ಅಂದರೆ, ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಪುಕ್ಕಟೆ ಸಿಗುತ್ತವೆ. ಯಾವುದು ಸಿಕ್ಕರೂ ಪ್ರಿಂಟ್ ಹಾಕಿಸಿಕೊಳ್ಳಿ. ಮಲಗುವ ಹೊತ್ತಿಗೆ ಫೋನ್ ಹಿಡಿದು ಓದಿದರೆ ಮಗುವಿನ ಕಣ್ಣು ಕಥೆಯ ಮೇಲಲ್ಲ, ಫೋನಿನ ಮೇಲೇ ಇರುತ್ತದೆ. ಅಲ್ಲದೆ ಪರದೆ ಮೇಲೆ ಪೆನ್ಸಿಲ್ ಗುರುತು ಹಾಕಲು ಬರುವುದಿಲ್ಲ.

ಮೊದಲು ಪೆನ್ಸಿಲ್

ಮಧ್ಯಾಹ್ನವೋ ಸಂಜೆಯೋ ಒಂದು ಸಲ ಒಬ್ಬರೇ ಕೂತು ಕಥೆಯನ್ನು ಗಟ್ಟಿಯಾಗಿ ಓದಿ. ಮನಸ್ಸಿನಲ್ಲಿ ಓದಿದರೆ ಸಾಲದು. ಬಾಯಿ ಎಲ್ಲಿ ತೊಡರುತ್ತದೆ ಅನ್ನುವುದು ಗಟ್ಟಿಯಾಗಿ ಓದಿದಾಗಲೇ ತಿಳಿಯುವುದು. ನಾನು ಹಾಕುವ ಗುರುತು ನಾಲ್ಕೇ. ಒಂದು ಓರೆಗೆರೆ ಅಂದರೆ ಚಿಕ್ಕ ನಿಲುಗಡೆ. ಎರಡು ಓರೆಗೆರೆ ಅಂದರೆ ಒಂದು ಪೂರ್ತಿ ಉಸಿರಿನಷ್ಟು ನಿಲುಗಡೆ. ಪ್ರಶ್ನೆ ಚಿಹ್ನೆ ಇದ್ದಲ್ಲಿ ಮಗು ಬಾಯಿ ಬಿಡಲಿ ಅಂತ ಕಾಯಬೇಕು. ಸದ್ದು ಮಾಡಬೇಕಾದ ಪದದ ಕೆಳಗೆ ಗೆರೆ. ನಮ್ಮ ಹಾಳೆಯ ಮೊದಲ ಭಾಗ ಹೀಗಿದೆ:

> ಒಂದೂರಲ್ಲಿ / ಒಬ್ಬಳು ಕಾಗಕ್ಕ, / ಒಬ್ಬಳು ಗುಬ್ಬಕ್ಕ. //
> ಕಾಗಕ್ಕನದು ಸಗಣಿ ಮನೆ. / ಗುಬ್ಬಕ್ಕನದು ಕಲ್ಲಿನ ಮನೆ. //
> ಒಂದು ದಿನ ಸಂಜೆ / ಮೋಡ ಕವಿಯಿತು. // ಒಂದು ಹನಿ ಬಿತ್ತು. / ಇನ್ನೊಂದು ಹನಿ ಬಿತ್ತು. / ಆಮೇಲೆ ಪಟಪಟ ಪಟಪಟ ಬಿತ್ತು, ಧೋ ಅಂತ ಸುರಿಯಿತು, ಅಂಗಳ ತುಂಬಿತು, ಬೀದಿ ತುಂಬಿತು, ಕಾಗಕ್ಕನ ಮನೆ // ? ಕರಗಿಹೋಯಿತು. //

ಹನಿಗಳಿಂದ ಬೀದಿ ತುಂಬುವವರೆಗಿನ ಸಾಲನ್ನು ನೋಡಿ. ಮೊದಲೆರಡು ಹನಿಗೆ ಒಂದೊಂದು ನಿಲುಗಡೆ ಇದೆ. "ಪಟಪಟ" ಬಂದ ಮೇಲೆ ಒಂದೂ ಇಲ್ಲ. ಅಲ್ಲಿ ಉಸಿರು ತೆಗೆದುಕೊಳ್ಳದೆ ಓಡಬೇಕು. ಮಳೆ ಜೋರಾಗಿದ್ದು ನಮ್ಮ ದನಿ ಏರಿದ್ದರಿಂದ ಗೊತ್ತಾಗುವುದಲ್ಲ, ಬಿಡುವು ಸಿಗದೇ ಇರುವುದರಿಂದ ಗೊತ್ತಾಗುತ್ತದೆ. ಓಡಿ ಓಡಿ ಬಂದು "ಕಾಗಕ್ಕನ ಮನೆ" ಅಂತ ತಟ್ಟನೆ ನಿಲ್ಲಿಸಿ.

ಆ ನಿಲುಗಡೆ ಎಲ್ಲಿ ಬಂತು ಗಮನಿಸಿದಿರಾ? ಕ್ರಿಯಾಪದದ ಮುಂಚೆ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳಿ ಅಂದರೆ ಇದನ್ನೇ ಹೇಳುತ್ತೇನೆ. ಕನ್ನಡದಲ್ಲಿ ಏನಾಯಿತು ಅನ್ನುವುದು ವಾಕ್ಯದ ಕೊನೆಗೆ ಬರುತ್ತದೆ. ಯಾರು, ಎಲ್ಲಿ, ಯಾವುದನ್ನು, ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಕೊನೆಯಲ್ಲಿ "ಕರಗಿಹೋಯಿತು". ಅಂದರೆ ನಮ್ಮ ಪ್ರತಿ ವಾಕ್ಯವೂ ಒಂದು ಪುಟ್ಟ ಒಗಟು. ನಾವು ವಾಕ್ಯ ಮುಗಿಸಿ ಪೂರ್ಣವಿರಾಮದಲ್ಲಿ ನಿಂತರೆ ಒಗಟು ಬಿಡಿಸಿ ಆಮೇಲೆ ನಿಂತ ಹಾಗೆ, ಮಗುವಿಗೆ ಹೇಳಲು ಏನೂ ಉಳಿದಿರುವುದಿಲ್ಲ. ಒಂದು ಪದ ಮುಂಚೆ ನಿಂತರೆ ಆ ಪದ ಮಗುವಿನದು. "ಕಾಗಕ್ಕನ ಮನೆ..." ಅಂತ ನಿಲ್ಲಿಸಿದ ಮೊದಲ ರಾತ್ರಿ ನನ್ನ ಮಗಳು ಎದ್ದು ಕೂತು "ಬಿದ್ದೋಯ್ತು!" ಅಂದಳು. ಸಗಣಿ ಮನೆ ಮಳೆಗೆ ಬೀಳುವುದಿಲ್ಲ, ಕರಗುತ್ತದೆ. ಆದರೆ ಅದನ್ನು ತಿದ್ದಲು ಹೋಗಲಿಲ್ಲ. "ಹೂಂ, ಬಿದ್ದೇ ಹೋಯ್ತು. ಹೇಗೆ ಬಿತ್ತು ಗೊತ್ತಾ? ಕರಗಿ, ಕರಗಿ, ಕರಗಿಹೋಯಿತು" ಅಂತ ಓದಿಕೊಂಡು ಮುಂದೆ ಹೋದೆ. ಮೂರನೇ ರಾತ್ರಿ "ಕರಗೋಯ್ತು" ಅನ್ನುವುದು ಅವಳ ಬಾಯಲ್ಲೇ ಬಂತು.

ಎಲ್ಲ ವಾಕ್ಯಕ್ಕೂ ಹೀಗೆ ಮಾಡಬೇಡಿ. ಇಡೀ ಕಥೆಗೆ ಮೂರೋ ನಾಲ್ಕೋ ಕಡೆ ಸಾಕು. ಪ್ರತಿ ಸಾಲಿನಲ್ಲೂ ನಿಲ್ಲಿಸಿ ಮಗುವಿನ ಮುಖ ನೋಡುತ್ತಾ ಕೂತರೆ ಅದಕ್ಕೆ ಕಥೆ ಹೋಗಿ ಪರೀಕ್ಷೆ ಶುರುವಾಯಿತು ಅನ್ನಿಸುತ್ತದೆ. ಮಗು "ನೀನೇ ಹೇಳು" ಅಂದಿತು ಅಂದರೆ ನಿಲುಗಡೆ ಜಾಸ್ತಿಯಾಗಿದೆ ಅಂತಲೇ ಅರ್ಥ.

ಪುಸ್ತಕದ ಕನ್ನಡ, ಮನೆಯ ಕನ್ನಡ

"ಗುಬ್ಬಿಯು ಬಾಗಿಲನ್ನು ತೆರೆಯಲಿಲ್ಲ" ಅಂತ ಪುಸ್ತಕದಲ್ಲಿರುತ್ತದೆ. ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಹಾಗಾದರೆ ಏನು ಮಾಡಬೇಕು, ಇದ್ದ ಹಾಗೆ ಓದಬೇಕಾ, ಬದಲಾಯಿಸಬೇಕಾ? ನಾನು ಎರಡೂ ಮಾಡಿ ನೋಡಿದ್ದೇನೆ. ಎಲ್ಲವನ್ನೂ ಆಡುಮಾತಿಗೆ ತಿರುಗಿಸುತ್ತಾ ಓದಿದರೆ ಕಣ್ಣು ಒಂದು ಪದ ನೋಡುತ್ತದೆ, ಬಾಯಿ ಇನ್ನೊಂದು ಹೇಳುತ್ತದೆ, ಓಟ ಕುಂಟುತ್ತದೆ. ಎಲ್ಲವನ್ನೂ ಪುಸ್ತಕದಂತೆಯೇ ಓದಿದರೆ ಪಾತ್ರಗಳು ಭಾಷಣ ಮಾಡಿದಂತೆ ಕೇಳುತ್ತದೆ. ಕೊನೆಗೆ ಉಳಿದುಕೊಂಡ ದಾರಿ ಇದು. ಕಥೆಗಾರನ ಸಾಲುಗಳನ್ನು ಪುಸ್ತಕದಲ್ಲಿದ್ದಂತೆ "ತುಂಬಿತು", "ಕರಗಿಹೋಯಿತು" ಅಂತಲೇ ಓದುತ್ತೇನೆ. ಪಾತ್ರಗಳ ಮಾತು ಮಾತ್ರ ನಮ್ಮ ಮನೆಯ ಮಾತು. ಧಾರವಾಡದ ಮನೆಯಲ್ಲಿ ಕಾಗಕ್ಕ "ಬಾಗ್ಲಾ ತಗಿಯವ್ವಾ" ಅನ್ನಲಿ, ಮೈಸೂರಿನ ಮನೆಯಲ್ಲಿ "ಬಾಗ್ಲು ತೆಗಿಯೇ" ಅನ್ನಲಿ. ಬೇರೆ ಬೇರೆ ದನಿ ಮಾಡದೇ ಇದ್ದರೂ ಈ ಒಂದು ಬದಲಾವಣೆಯಿಂದಲೇ ಎಲ್ಲಿ ಕಥೆ, ಎಲ್ಲಿ ಮಾತು ಅಂತ ಮಗುವಿಗೆ ಗೊತ್ತಾಗುತ್ತದೆ.

ಇನ್ನೊಂದು ತೊಡಕು ನಮ್ಮ ಭಾಷೆಯದ್ದೇ. "ಮಗೂಗೆ ನೀರು ಹಾಕ್ತಿದೀನಿ" ಎಂದು ಗುಬ್ಬಕ್ಕ ಹೇಳಿದಳು. ಯಾರ ಮಾತು ಅನ್ನುವುದು ಮಾತು ಮುಗಿದ ಮೇಲೆ ಗೊತ್ತಾಗುತ್ತದೆ! ಅಷ್ಟರಲ್ಲಿ ನೀವು ಅದನ್ನು ಕಾಗಕ್ಕನ ದನಿಯಲ್ಲಿ ಓದಿ ಆಗಿರುತ್ತದೆ. ಮಕ್ಕಳು ಇಂಥದ್ದನ್ನು ಸುಮ್ಮನೆ ಬಿಡುವುದಿಲ್ಲ. ಅದಕ್ಕೇ ಹಾಳೆಯ ಅಂಚಿನಲ್ಲಿ ಮಾತಿನ ಸಾಲುಗಳ ಎದುರು "ಕಾ", "ಗು" ಅಂತ ಬರೆದುಕೊಳ್ಳಿ. "ಎಂದು ಗುಬ್ಬಕ್ಕ ಹೇಳಿದಳು" ಅನ್ನುವುದನ್ನು ಎರಡು ಸಲ ಓದಿದ ಮೇಲೆ ಬಿಟ್ಟೇಬಿಡಬಹುದು. ದನಿಯೇ ಅದನ್ನು ಹೇಳುತ್ತದೆ.

ದನಿಯಲ್ಲಿ ವ್ಯತ್ಯಾಸ ಸ್ವಲ್ಪವೇ ಇರಲಿ. ಕಾಗಕ್ಕನಿಗೆ ಗಂಟಲಿನಿಂದ, ತುಸು ನಿಧಾನ. ಗುಬ್ಬಕ್ಕನಿಗೆ ತುಟಿಯ ಹತ್ತಿರದಿಂದ, ತುಸು ಚುರುಕು. ಮೊದಲ ದಿನ ಹುಮ್ಮಸ್ಸಿನಲ್ಲಿ ನಾನು ಕಾಗಕ್ಕನಿಗೆ ಕರ್ಕಶ ದನಿ ಕೊಟ್ಟೆ. ಐದನೇ ಸಲ ಬಾಗಿಲು ಬಡಿಯುವ ಹೊತ್ತಿಗೆ ನನಗೆ ಕೆಮ್ಮು. ಮರುದಿನ "ನಿನ್ನೆ ಥರಾನೇ ಮಾಡು" ಅಂತ ಹಟ. ಹತ್ತು ರಾತ್ರಿ ಮಾಡಲು ಆಗುವಂಥ ದನಿಯನ್ನೇ ಮೊದಲ ರಾತ್ರಿ ಆರಿಸಿಕೊಳ್ಳಿ.

ಸದ್ದು

ಸದ್ದಿಗಾಗಿ ಆ್ಯಪ್ ಹುಡುಕಬೇಡಿ. ಕನ್ನಡದಲ್ಲಿ ಸದ್ದಿನ ಪದಗಳು ರಾಶಿ ಇವೆ. ವ್ಯಾಕರಣದವರು ಇವುಗಳನ್ನು ಅನುಕರಣಾವ್ಯಯ ಅಂತ ಕರೆಯುತ್ತಾರೆ. ಮಳೆ ಒಂದಕ್ಕೇ ಎಷ್ಟು ನೋಡಿ. ಹನಿ ಬಿದ್ದರೆ ಟಪ್, ಎಲೆಗಳ ಮೇಲೆ ಬಿದ್ದರೆ ಪಟಪಟ, ಸಣ್ಣಗೆ ಬಿಡದೆ ಹಿಡಿದರೆ ಜಿಟಿಜಿಟಿ, ಜೋರಾಗಿ ಸುರಿದರೆ ಧೋ. ಪದವನ್ನು ಸರಿಯಾಗಿ ಹೇಳಿದರೆ ಅದೇ ಸದ್ದು. "ಟಪ್" ಅನ್ನುವಾಗ ಕೊನೆಯ ಪ್ ಅನ್ನು ತುಟಿ ಮುಚ್ಚಿ ಅಲ್ಲೇ ಹಿಡಿದುಬಿಡಿ. "ಧೋ" ಅನ್ನುವಾಗ ಉಸಿರು ಮುಗಿಯುವವರೆಗೆ ಎಳೆಯಿರಿ. "ಪಟಪಟ"ವನ್ನು ಎರಡು ಸಲ ಬರೆದಿದ್ದರೆ ಎರಡನೆಯದನ್ನು ಇನ್ನೂ ಬೇಗ ಹೇಳಿ.

ಇದರ ಜೊತೆ ಕೈ ಸೇರಿದರೆ ಸಾಕು. ಮಳೆಗೆ ಪುಸ್ತಕದ ಹಿಂದಿನ ರಟ್ಟೇ ವಾದ್ಯ. "ಒಂದು ಹನಿ" ಅಂದಾಗ ಒಂದು ಬೆರಳಿನಿಂದ ಒಂದು ಸಲ ತಟ್ಟಿ. "ಇನ್ನೊಂದು ಹನಿ" ಅಂದಾಗ ಇನ್ನೊಂದು ಬೆರಳು. ಪಟಪಟಕ್ಕೆ ನಾಲ್ಕೂ ಬೆರಳು ಒಂದಾದ ಮೇಲೊಂದು, ಉಗುರು ತಾಗುವ ಹಾಗೆ. ಧೋ ಅನ್ನುವಾಗ ಅಂಗೈಯನ್ನು ರಟ್ಟಿನ ಮೇಲೆ ಉಜ್ಜಿ. ಕೈಯಲ್ಲಿ ಬರೀ ಹಾಳೆ ಇದ್ದರೆ ಅದರ ಕೆಳಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಬಾಗಿಲು ಬಡಿಯಲು ಮಂಚದ ಪಟ್ಟಿ ಇದೆ, ಬೆರಳ ಗೆಣ್ಣಿನಿಂದ ಮೂರು ಸಲ. ಗೋಡೆ ಬಡಿಯಬೇಡಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರು ನಿಜವಾಗಿ ಬಾಗಿಲು ತೆಗೆದು ನೋಡಿದ್ದೂ ಆಗಿದೆ.

ಕಥೆಯ ಕೊನೆಯಲ್ಲಿ ಇನ್ನೊಂದು ಸದ್ದಿದೆ. ಒಳಗೆ ಬಂದ ಕಾಗಕ್ಕ ಕಡಲೆ ಇಟ್ಟಿದ್ದ ಮೂಲೆಯಲ್ಲಿ ಮಲಗುತ್ತಾಳೆ. ಕತ್ತಲೆಯಲ್ಲಿ ಕಟುಂ ಕುಟುಂ ಅಂತ ಸದ್ದು. "ಏನದು ಕಾಗಕ್ಕ?" ಅಂದರೆ "ಅಡಿಕೆ ಚೂರು ತಿಂತಿದೀನಿ ಗುಬ್ಬಕ್ಕ" ಅನ್ನುತ್ತಾಳೆ. ಇದಕ್ಕೆ ಕೈ ಬೇಡ. ನಾಲಿಗೆಯನ್ನು ಬಾಯಿಯ ಅಂಗಳಕ್ಕೆ ಒತ್ತಿ ಚಕ್ಕನೆ ಬಿಡಿ. ಒಂದು ಸಲ ಬಾಯಿ ಅಗಲ ಮಾಡಿ, ಒಂದು ಸಲ ತುಟಿ ದುಂಡಗೆ ಮಾಡಿ. ಎರಡು ಬೇರೆ ಸದ್ದು ಬರುತ್ತದೆ, ಅದೇ ಕಟುಂ, ಅದೇ ಕುಟುಂ.

ಮಳೆ, ಬಾಗಿಲು, ಕಡಲೆ. ಇಡೀ ಕಥೆಗೆ ಈ ಮೂರೇ ಸದ್ದು. ಗುಡುಗು, ಗಾಳಿ, ಕಾಗೆಯ ಕಾ ಕಾ ಎಲ್ಲವನ್ನೂ ಸೇರಿಸುವ ಆಸೆ ಆಗುತ್ತದೆ. ನಾನು ಗುಡುಗು ಸೇರಿಸಿದ ರಾತ್ರಿ ಮಗಳು ಹೊದಿಕೆ ಕಿತ್ತೊಗೆದು ಮಂಚದ ಮೇಲೆ ನಿಂತು ತಾನೂ ಗುಡುಗಿದಳು. ಹತ್ತೂವರೆಯಾದರೂ ನಿದ್ದೆ ಇಲ್ಲ. ಮಗು ಮಲಗಿದಲ್ಲಿಂದ ಎದ್ದು ಕೂತರೆ ಪರವಾಗಿಲ್ಲ, ಎದ್ದು ನಿಂತಿತು ಅಂದರೆ ಸದ್ದು ಅತಿಯಾಯಿತು. ಆಗ "ಸುಮ್ನೆ ಮಲ್ಕೋ" ಅಂತ ಗದರಿ ಉಪಯೋಗವಿಲ್ಲ. ಮುಂದಿನ ಎರಡು ಸಾಲನ್ನು ಪಿಸುಮಾತಿನಲ್ಲಿ ಓದಿ. ಕೇಳಿಸಬೇಕಾದರೆ ಮಗು ಹತ್ತಿರ ಬರಲೇಬೇಕು, ಬಂದು ಒರಗಲೇಬೇಕು.

ಬಾಗಿಲ ಮುಂದೆ

ಈ ಕಥೆಯ ಜೀವ ಇರುವುದು ಬಾಗಿಲಿನಲ್ಲಿ. ಕಾಗಕ್ಕ ಐದು ಸಲ ಬಡಿಯುತ್ತಾಳೆ, ಐದು ಸಲವೂ ಅದೇ ಮಾತು. ಗುಬ್ಬಕ್ಕನ ಉತ್ತರ ಮಾತ್ರ ಬೇರೆ:

> ಟಕ್ ಟಕ್ ಟಕ್. // "ಗುಬ್ಬಕ್ಕ, ಗುಬ್ಬಕ್ಕ, / ಬಾಗ್ಲು ತೆಗಿ." //
> "ಇರು ಕಾಗಕ್ಕ, / ಮಗೂಗೆ ನೀರು // ? ಹಾಕ್ತಿದೀನಿ."

ಆಮೇಲೆ ಮಗುವಿಗೆ ಬಟ್ಟೆ ತೊಡಿಸುವುದು, ಕಾಡಿಗೆ ಹಚ್ಚುವುದು, ಹಾಲು ಕುಡಿಸುವುದು, ತೊಟ್ಟಿಲಲ್ಲಿ ಮಲಗಿಸುವುದು. ಇವೆಲ್ಲ ನಿಮ್ಮ ಮಗು ಅರ್ಧ ಗಂಟೆ ಹಿಂದೆ ಮಾಡಿ ಬಂದ ಕೆಲಸಗಳೇ ಅಲ್ವಾ? ಹಾಗಾಗಿ ಎರಡನೇ ರಾತ್ರಿಯಿಂದ ಉತ್ತರಗಳನ್ನು ಮಗುವೇ ಹೇಳತೊಡಗುತ್ತದೆ. ಹಾಳೆಯಲ್ಲಿ ಇಲ್ಲದ್ದನ್ನೂ ಸೇರಿಸುತ್ತದೆ. ನಮ್ಮ ಗುಬ್ಬಕ್ಕ ಈಗ ಮಗುವಿಗೆ ಹಲ್ಲು ಉಜ್ಜಿಸುತ್ತಾಳೆ, ಕಿವಿಗೆ ಡ್ರಾಪ್ಸ್ ಕೂಡ ಹಾಕುತ್ತಾಳೆ.

ಇಲ್ಲಿ ನಿಲುಗಡೆ ಎಷ್ಟು ಹೊತ್ತು? ನಿಮಗೆ ಸಾಕು ಅನ್ನಿಸಿದ್ದರ ಮೂರರಷ್ಟು. ಓದುವವರಿಗೆ ಮೌನ ಯಾವಾಗಲೂ ಇದ್ದದ್ದಕ್ಕಿಂತ ಉದ್ದ ಅನ್ನಿಸುತ್ತದೆ. ಮೇರಿ ಬಡ್ ರೋ ಅನ್ನುವ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ಅಮೆರಿಕದ ತರಗತಿಗಳಲ್ಲಿ ಇಂಥ ಮೌನವನ್ನೇ ಅಳೆದು ನೋಡಿದರು. ಟೀಚರು ಪ್ರಶ್ನೆ ಕೇಳಿ ಕಾಯುತ್ತಿದ್ದದ್ದು ಹೆಚ್ಚೆಂದರೆ 1 ಸೆಕೆಂಡು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಅವರೇ ಪ್ರಶ್ನೆ ಕೇಳುವುದೂ ಹೆಚ್ಚಾಯಿತು. ಹಾಸಿಗೆಯಲ್ಲಿ ಗಡಿಯಾರ ನೋಡಲು ಆಗುವುದಿಲ್ಲ. ನಾನು ನಿಧಾನವಾಗಿ ಒಂದು ಸಲ ಉಸಿರು ಎಳೆದು ಬಿಡುತ್ತೇನೆ, ಆಮೇಲೆ ಇನ್ನೊಂದು ಸಲ. ಅಷ್ಟರಲ್ಲಿ ಮಗು ಮಾತಾಡದಿದ್ದರೆ ಸುಮ್ಮನೆ ಮುಂದೆ ಓದುತ್ತೇನೆ. "ಹೇಳು, ಹೇಳು" ಅಂತ ಒತ್ತಾಯ ಮಾಡುವುದಿಲ್ಲ. ಕಾಯುವಾಗ ಮಗುವಿನ ಮುಖ ದಿಟ್ಟಿಸಬೇಡಿ, ಚಿತ್ರವನ್ನೋ ಹಾಳೆಯನ್ನೋ ನೋಡುತ್ತಿರಿ. ಮುಖ ನೋಡಿದರೆ ಅದು ಕೇಳುವವರ ಮುಖವಲ್ಲ, ಉತ್ತರ ಕೇಳುವ ಟೀಚರ ಮುಖ.

ನಮ್ಮ ಹಳಬರು ಇದಕ್ಕೆ ಒಂದು ಸುಲಭದ ವ್ಯವಸ್ಥೆ ಮಾಡಿದ್ದರು. ಕೇಳುವವರು "ಹೂಂ" ಅನ್ನಬೇಕು. ಹೂಂಗುಟ್ಟದಿದ್ದರೆ ಅಜ್ಜಿ ಕಥೆ ನಿಲ್ಲಿಸುತ್ತಿದ್ದರು. ಓದುವಾಗಲೂ ಇದನ್ನು ಇಟ್ಟುಕೊಳ್ಳಿ. ಪ್ರತಿ ಎರಡು ಓರೆಗೆರೆಯೂ ಒಂದು ಹೂಂಗೆ ಜಾಗ. ಮಗುವಿಗೆ ಏನು ಹೇಳಬೇಕು ಅಂತ ಯೋಚಿಸುವ ಕಷ್ಟವಿಲ್ಲ, ನಿಮಗೂ ಅದು ಇನ್ನೂ ಎಚ್ಚರವಾಗಿದೆಯಾ ಅಂತ ತಿಳಿಯುತ್ತದೆ. ಬರೀ ಹೂಂ ಹೋಗಿ "ಹೂಂ?" ಅಂತ ದನಿ ಮೇಲೆ ಹೋಯಿತು ಅಂದರೆ ಒಳಗೆ ಪ್ರಶ್ನೆ ಇದೆ. ಅಲ್ಲಿ ಇನ್ನೊಂದು ಉಸಿರು ಕಾಯಿರಿ, ಬರುತ್ತದೆ.

ನಮ್ಮಲ್ಲಿ ಬಂದದ್ದು ಹೀಗೆ. ಮೂರನೇ ಸಲ ಬಾಗಿಲು ಬಡಿದಾಯಿತು. ಗುಬ್ಬಕ್ಕ "ಕಾಡಿಗೆ ಹಚ್ತಿದೀನಿ" ಅಂದಾಯಿತು. ನಾನು ಸುಮ್ಮನಿದ್ದೆ.

"ಅಮ್ಮಾ, ಗುಬ್ಬಕ್ಕ ಯಾಕೆ ತೆಗೀತಿಲ್ಲ?"

"ಯಾಕಿರಬಹುದು?"

"ಅವಳಿಗೆ ಇಷ್ಟ ಇಲ್ಲ."

"ಇಷ್ಟ ಇಲ್ಲದಿದ್ರೆ ಇಲ್ಲ ಅಂತ ಹೇಳ್ಬಹುದಿತ್ತಲ್ಲಾ?"

ಸ್ವಲ್ಪ ಹೊತ್ತು ಮೌನ. "ಹೇಳಿದ್ರೆ ಕಾಗಕ್ಕ ಅಳ್ತಾಳೆ."

"ಹೂಂ. ಅಳ್ತಾಳೆ ಅಂತ ನೆಪ ಹೇಳ್ತಿದಾಳೆ ಹಾಗಾದ್ರೆ" ಅಂದೆ. ಅಷ್ಟೇ. ಮತ್ತೆ ಟಕ್ ಟಕ್ ಟಕ್.

ಇಲ್ಲಿ ನಾನು ಮಾಡಿದ್ದು ಎರಡೇ ಕೆಲಸ. ಪ್ರಶ್ನೆಗೆ ಉತ್ತರ ಕೊಡದೆ ಅದನ್ನೇ ವಾಪಸ್ ಕೇಳಿದೆ. ಮಗಳು ಹೇಳಿದ್ದಕ್ಕೆ ಅವಳಿಗೆ ಇನ್ನೂ ಬಾರದ ಒಂದು ಪದ ಸೇರಿಸಿದೆ, "ನೆಪ". ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ಬಗೆಯ ಓದಿನ ಬಗ್ಗೆಯೇ ಇದೆ. ಎರಡು, ಎರಡೂವರೆ ವರ್ಷದ ಆಸುಪಾಸಿನ ಮಕ್ಕಳ ತಂದೆತಾಯಿಯರ ಒಂದು ಗುಂಪಿಗೆ ಹೀಗೆ ಕೇಳಿ, ಮಗು ಹೇಳಿದ್ದನ್ನು ಹಿಗ್ಗಿಸಿ ಓದಲು ಕಲಿಸಿದರು. ಇನ್ನೊಂದು ಗುಂಪು ತಮ್ಮ ಪಾಡಿಗೆ ಓದಿತು. ಒಂದು ತಿಂಗಳಲ್ಲೇ ಮೊದಲ ಗುಂಪಿನ ಮಕ್ಕಳ ಮಾತು ಮುಂದೆ ಹೋಗಿತ್ತು.

ಯಾವ ಪ್ರಶ್ನೆ ಕೇಳಬಾರದು ಅನ್ನುವುದನ್ನೂ ಹೇಳಿಬಿಡುತ್ತೇನೆ. "ಅರ್ಥ ಆಯ್ತಾ?" ಅದಕ್ಕೆ ಎಲ್ಲ ಮಕ್ಕಳೂ ಹೂಂ ಅನ್ನುತ್ತವೆ. "ಕಾಗೆ ಯಾವ ಬಣ್ಣ?" ನಿಮಗೆ ಉತ್ತರ ಗೊತ್ತಿದೆ ಅಂತ ಮಗುವಿಗೂ ಗೊತ್ತಿದೆ. "ಇದರಿಂದ ನಾವೇನು ಕಲಿತೆವು?" ಇದನ್ನಂತೂ ರಾತ್ರಿ ಒಂಬತ್ತು ಗಂಟೆಗೆ ಯಾರಿಗೂ ಕೇಳಬಾರದು.

ಮಗು ಕೇಳುವ ಪ್ರಶ್ನೆ ಕೆಲವು ಸಲ ಕಥೆಯಿಂದ ಹೊರಗೆ ಎಳೆಯುತ್ತದೆ. "ಸಗಣಿ ಅಂದ್ರೇನು?" ಅನ್ನುವುದು ನಗರದಲ್ಲಿ, ವಿದೇಶದಲ್ಲಿ ಬೆಳೆಯುವ ಮಕ್ಕಳಿಂದ ಬಂದೇ ಬರುತ್ತದೆ. ಒಂದೇ ಸಾಲಿನಲ್ಲಿ ಹೇಳಿ, "ಹಸು ಹಾಕೋ ಕಕ್ಕ, ಹಳ್ಳೀಲಿ ಅದರಿಂದ ಅಂಗಳ ಸಾರಿಸ್ತಾರೆ". ಮಗು ನಗುತ್ತದೆ, ನಗಲಿ. ಆದರೆ ಇಂಥ ಪದಗಳನ್ನು ಮೊದಲೇ ಗುರುತಿಸಿ, ಕಥೆ ಶುರುವಾಗುವ ಮುಂಚೆ ಹೇಳಿಬಿಡುವುದು ಒಳ್ಳೆಯದು. ಮನೆ ಕರಗುವ ಹೊತ್ತಿನಲ್ಲಿ ಸಗಣಿಯ ವಿವರಣೆಗೆ ನಿಂತರೆ ಮಳೆಯೂ ನಿಂತುಹೋಗುತ್ತದೆ.

ಅಜ್ಜಿ ದೂರದ ಊರಿನಲ್ಲಿದ್ದು ವಿಡಿಯೋ ಕಾಲ್‌ನಲ್ಲಿ ಓದುವುದಾದರೆ ಒಂದು ಎಚ್ಚರ. ದನಿ ಒಂದು ಕ್ಷಣ ತಡವಾಗಿ ತಲುಪುತ್ತದೆ. ಅಜ್ಜಿ "ಮಗೂಗೆ ನೀರು..." ಅಂತ ನಿಲ್ಲಿಸುತ್ತಾರೆ, ಇಲ್ಲಿ ಮಗು "ಹಾಕ್ತಿದೀನಿ" ಅನ್ನುವಷ್ಟರಲ್ಲಿ ಅಲ್ಲಿ ಅಜ್ಜಿಯೂ ಹೇಳಿಬಿಟ್ಟಿರುತ್ತಾರೆ. ಎರಡು ದನಿ ಒಂದರ ಮೇಲೊಂದು ಬೀಳುತ್ತವೆ. ಅಲ್ಲಿ ಎರಡು ಉಸಿರಿನ ಬದಲು ಮೂರು ಉಸಿರು ಕಾಯಲು ಹೇಳಿ. ಬಾಗಿಲು ಬಡಿಯುವ, ಮಳೆ ಸುರಿಸುವ ಕೆಲಸ ಮಗುವಿನ ಪಕ್ಕದಲ್ಲಿರುವವರು ಮಾಡಲಿ, ಫೋನಿನಲ್ಲಿ ಮೆಲ್ಲನೆಯ ಸದ್ದು ಸರಿಯಾಗಿ ಕೇಳುವುದಿಲ್ಲ.

ಇಳಿಸುವುದು

ನಾಟಕದಲ್ಲಾದರೆ ಐದನೇ ಬಡಿತ ಎಲ್ಲಕ್ಕಿಂತ ಜೋರಾಗಿರಬೇಕು. ಮಲಗುವ ಕೋಣೆಯಲ್ಲಿ ಉಲ್ಟಾ. ಮೊದಲ ಸಲ ಬೆರಳ ಗೆಣ್ಣಿನಿಂದ ಮಂಚದ ಪಟ್ಟಿ ಬಡಿಯಿರಿ. ಎರಡನೇ ಸಲ ಬೆರಳ ತುದಿಯಿಂದ. ಮೂರನೇ ಸಲ ಪುಸ್ತಕದ ರಟ್ಟಿನ ಮೇಲೆ. ನಾಲ್ಕನೇ ಸಲ ದಿಂಬಿನ ಮೇಲೆ. ಐದನೇ ಸಲ ಮಗುವಿನ ಬೆನ್ನ ಮೇಲೆ, ತಟ್ಟಿ ಮಲಗಿಸುವ ಹಾಗೆ. ಕಾಗಕ್ಕ ನೆಂದು ನೆಂದು ಸುಸ್ತಾಗಿದ್ದಾಳೆ ಅನ್ನುವುದಕ್ಕೂ ಇದು ಸರಿಹೋಗುತ್ತದೆ. ದನಿಯೂ ಹಾಗೇ ಇಳಿಯುತ್ತಾ ಬರಲಿ, ನಿಲುಗಡೆ ಉದ್ದವಾಗುತ್ತಾ ಹೋಗಲಿ.

ಮೂರನೇ ಬಾಗಿಲು ದಾಟಿದ ಮೇಲೆ ಪ್ರಶ್ನೆ ಚಿಹ್ನೆ ಒಂದೂ ಇರಬಾರದು. ಮಗು ತಾನಾಗಿ ಕೇಳಿದರೆ ಚುಟುಕಾಗಿ ಉತ್ತರ, ವಾಪಸ್ ಪ್ರಶ್ನೆ ಇಲ್ಲ. "ನಾಳೆ ಯೋಚ್ನೆ ಮಾಡೋಣ" ಅಂದರೂ ಆದೀತು, ಆದರೆ ನಾಳೆ ನಿಜವಾಗಿಯೂ ಆ ಜಾಗದಲ್ಲಿ ನಿಲ್ಲಬೇಕು. ಮಕ್ಕಳು ಮರೆಯುವುದಿಲ್ಲ.

ಅಂತ್ಯದ ಬಗ್ಗೆ ನನಗೊಂದು ಅಭಿಪ್ರಾಯವಿದೆ. ಕೆಲವರು ಹೇಳುವ ಕಥೆಯಲ್ಲಿ ಕಡಲೆ ಕದ್ದ ಕಾಗಕ್ಕನಿಗೆ ಗುಬ್ಬಕ್ಕ ಬರೆ ಹಾಕುತ್ತಾಳೆ. ಹಗಲಿನಲ್ಲಿ ಬೇಕಾದರೆ ಹೇಳಿ, ಏಳೆಂಟು ವರ್ಷದ ಮಕ್ಕಳು ಅದನ್ನು ತುಂಬಾ ಇಷ್ಟಪಡುತ್ತಾರೆ. ರಾತ್ರಿ ನಾನು ಕಟುಂ ಕುಟುಂನಲ್ಲೇ ಮುಗಿಸುತ್ತೇನೆ. ಕತ್ತಲೆ, ಹೊರಗೆ ಜಿಟಿಜಿಟಿ ಮಳೆ, ಮೂಲೆಯಲ್ಲಿ ಯಾರೋ ಕಡಲೆ ತಿನ್ನುತ್ತಿದ್ದಾರೆ. ಕಟುಂ. // ಕುಟುಂ. // // ಕಟುಂ.

ಎರಡು ವರ್ಷದ ಮಗುವಾದರೆ ಐದು ಬಾಗಿಲು ಬೇಡ, ಎರಡು ಸಾಕು. ಅದಕ್ಕೆ ಕಥೆಗಿಂತ ಟಕ್ ಟಕ್ ಮುಖ್ಯ. ಆರು ವರ್ಷದ ಮಗು ಆ ಹೊತ್ತಿಗೆ ತಾನೇ ಓದುತ್ತಿರುತ್ತದೆ, ಕಾಗಕ್ಕನ ಸಾಲುಗಳನ್ನು ಅದಕ್ಕೇ ಬಿಟ್ಟುಕೊಡಿ. ಇಬ್ಬರು ಮಕ್ಕಳು ಒಟ್ಟಿಗೆ ಮಲಗುವ ಮನೆಯಲ್ಲಿ ದೊಡ್ಡದು ಎಲ್ಲ ಉತ್ತರವನ್ನೂ ಮೊದಲೇ ಒದರಿಬಿಡುತ್ತದೆ. ದೊಡ್ಡದಕ್ಕೆ ಸದ್ದಿನ ಕೆಲಸ ಕೊಡಿ, ಚಿಕ್ಕದಕ್ಕೆ ಉತ್ತರದ ಕೆಲಸ. ಕೈ ತುಂಬಿದ್ದರೆ ಬಾಯಿ ತುಸು ಸುಮ್ಮನಿರುತ್ತದೆ.

ಅದೇ ಕಥೆಯನ್ನು ಎಷ್ಟು ರಾತ್ರಿ ಓದಬಹುದು? ಮಗು ಬೇಡ ಅನ್ನುವವರೆಗೆ. ಬೇಸರ ಬರುವುದು ನಮಗೆ, ಅದಕ್ಕಲ್ಲ. ಆದರೆ ಬೇಸರಕ್ಕೆ ಒಂದು ಬಾಗಿಲು ಹಾರಿಸಿ ಓದಿದರೆ ಸಿಕ್ಕಿಬೀಳುತ್ತೀರಿ. ನಾನು ಒಂದು ಸಲ ಹಾಲು ಕುಡಿಸುವುದನ್ನು ಬಿಟ್ಟು ಸೀದಾ ತೊಟ್ಟಿಲಿಗೆ ಹೋದೆ. ಅರೆನಿದ್ದೆಯಲ್ಲಿದ್ದವಳು ಕಣ್ಣು ಬಿಟ್ಟು "ಪಾಪು ಹಾಲೇ ಕುಡಿದಿಲ್ಲ" ಅಂದಳು.

ಹೂಂ ತೆಳುವಾಗುತ್ತಾ ಬಂದು, ನಡುವೆ ಒಂದು ತಪ್ಪಿ, ಆಮೇಲೆ ಎರಡು ಸಲ ಬರಲೇ ಇಲ್ಲ ಅಂದರೆ ಮಗು ಮಲಗಿದೆ. ತಟ್ಟನೆ ನಿಲ್ಲಿಸಬೇಡಿ, ನಿಲ್ಲಿಸಿದರೆ ಎಚ್ಚರವಾಗುತ್ತದೆ. ಅದೇ ದನಿಯಲ್ಲಿ ಇನ್ನೂ ಮೂರು ನಾಲ್ಕು ಸಾಲು ಓದಿ, ಆಮೇಲೆ ದೀಪ ಆರಿಸಿ. ಎಲ್ಲಿಗೆ ಬಂದಿತ್ತು ಅಂತ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟುಕೊಳ್ಳಿ. ಮರುದಿನ ಮೊದಲಿನಿಂದ ಓದಲು ಹೊತ್ತಿಲ್ಲದಿದ್ದರೆ ಆ ಚುಕ್ಕೆಗಿಂತ ಒಂದು ಬಾಗಿಲು ಹಿಂದಿನಿಂದ ಶುರುಮಾಡಿ.